ಲೆಕ್ಕ ಸರಿಯಾಗಿತ್ತು



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ಮಗಳ ಹೆಸರಿನಲ್ಲಿ ಏನಾದರೂ ಎತ್ತಿಡಬೇಕೆಂದಿದ್ದೇನೆ. ಚಿನ್ನ ತೆಗೆದುಕೊಳ್ಳಲೋ, ಬಿಟ್‌ಕಾಯಿನ್ ತೆಗೆದುಕೊಳ್ಳಲೋ?" ಎಂದು ಕೇಳಿದ. ಗಣಿತದ ಮೇಷ್ಟ್ರಾದವನಿಗೆ ಇಂತಹ ಪ್ರಶ್ನೆಗೂ ಉತ್ತರ ಗೊತ್ತಿರುತ್ತದೆಂಬ ನಂಬಿಕೆ ನಮ್ಮೂರಿನ ಕಡೆ ಇನ್ನೂ ಇದೆ. ಬರೆದು ತಿಳಿಸುತ್ತೇನೆಂದು ಹೇಳಿ ಮಾತು ಮುಗಿಸಿದೆ. ಇದೇ ಪ್ರಶ್ನೆಗೆ ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಕೊಟ್ಟಿದ್ದ ಒಂದು ಉತ್ತರದ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದನ್ನು ಹೇಳದೆ ಇದಕ್ಕೆ ಉತ್ತರಿಸುವುದು ಪ್ರಾಮಾಣಿಕವಾಗಲಾರದು.

2021ರ ದೀಪಾವಳಿ. ನಾನು ನಿವೃತ್ತನಾಗಿ ಕೆಲವೇ ತಿಂಗಳಾಗಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹಬ್ಬಕ್ಕೆಂದು ಕುಪ್ಪಗಡ್ಡೆಗೆ ಬಂದಿದ್ದ. ಹೋಳಿಗೆ ಊಟದ ನಂತರ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಾಗ ಅವನು ಒಂದು ಹಾಳೆ ತೆಗೆದು, "ಮಾವ, ನೀವೇ ನಮಗೆ ಕಲಿಸಿದ ಲೆಕ್ಕ ಇದು, ನೋಡಿ" ಎಂದ.

ಬಿಟ್‌ಕಾಯಿನ್ ಎಂಬುದು ಕಣ್ಣಿಗೆ ಕಾಣುವ ನಾಣ್ಯವಲ್ಲ, ಸಾವಿರಾರು ಗಣಕಯಂತ್ರಗಳು ಏಕಕಾಲಕ್ಕೆ ಇಟ್ಟುಕೊಂಡು ಬರುವ ಒಂದು ಲೆಕ್ಕದ ಪುಸ್ತಕದಲ್ಲಿನ ನಮೂದು. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಯಾರೋ 2008ರಲ್ಲಿ ಇದರ ಯೋಜನೆಯನ್ನು ಪ್ರಕಟಿಸಿದರು. ಪುಸ್ತಕದ ಮೊದಲ ಪುಟ ಬರೆದದ್ದು 2009ರ ಜನವರಿ 3ರಂದು. ಸುಮಾರು ಹತ್ತು ನಿಮಿಷಕ್ಕೊಂದು ಪುಟ ಸೇರುತ್ತದೆ. ಪುಟ ಸೇರಿಸಲು ಯಂತ್ರಗಳ ನಡುವೆ ಸ್ಪರ್ಧೆ, ಗೆದ್ದವರಿಗೆ ಹೊಸ ನಾಣ್ಯಗಳ ಸಂಭಾವನೆ. ಮೊದಲು ಪುಟಕ್ಕೆ 50 ನಾಣ್ಯ. 2,10,000 ಪುಟಗಳಾದೊಡನೆ, ಅಂದರೆ ಸರಿಸುಮಾರು ನಾಲ್ಕು ವರ್ಷಕ್ಕೊಮ್ಮೆ, ಸಂಭಾವನೆ ಅರ್ಧವಾಗುತ್ತದೆ. 50 ಇದ್ದದ್ದು 25, ಆಮೇಲೆ 12.5, ಆಮೇಲೆ 6.25. 2024ರ ಏಪ್ರಿಲ್‌ನಿಂದ ಈಚೆಗೆ 3.125.

ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಸಾಕು. ಒಂದು, ಅದರ ಅರ್ಧ, ಅರ್ಧದ ಅರ್ಧ, ಹೀಗೆ ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಎರಡನ್ನು ಸಮೀಪಿಸುತ್ತದೆಯೇ ಹೊರತು ದಾಟುವುದಿಲ್ಲ. ಒಂದು ರೊಟ್ಟಿ, ಅರ್ಧ ರೊಟ್ಟಿ, ಕಾಲು ರೊಟ್ಟಿ ಎಂದು ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ಮೊದಲ ಕಂತಿನಲ್ಲಿ 2,10,000 × 50, ಅಂದರೆ 1 ಕೋಟಿ 5 ಲಕ್ಷ. ಎಲ್ಲ ಕಂತುಗಳ ಒಟ್ಟು ಅದರ ಎರಡರಷ್ಟು, 2 ಕೋಟಿ 10 ಲಕ್ಷ. ಜಗತ್ತಿನಲ್ಲಿ ಎಂದೆಂದಿಗೂ ಇರಬಹುದಾದ ಬಿಟ್‌ಕಾಯಿನ್‌ಗಳು ಇಷ್ಟೇ. ನೂರಕ್ಕೆ ತೊಂಬತ್ತನಾಲ್ಕಕ್ಕೂ ಹೆಚ್ಚು ಈಗಾಗಲೇ ಹೊರಬಂದಿವೆ.

ಗುಣೋತ್ತರ ಶ್ರೇಢಿಯನ್ನು ಮೂವತ್ತಾರು ವರ್ಷ ಪಾಠ ಮಾಡಿದ ನನಗೆ ಅದರಿಂದ ಹಣ ಹುಟ್ಟುವುದನ್ನು ಕಂಡು ಮೈ ಜುಮ್ಮೆಂದಿತು. ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ತಂಗಿ, "ಅಣ್ಣ, ಇವ ಹೇಳೋದು ಸರಿಯಾ?" ಎಂದಳು. "ಲೆಕ್ಕ ಸರಿಯಾಗಿದೆ" ಎಂದೆ.

ನಾನು ಹೇಳಿದ್ದು ಲೆಕ್ಕದ ಮಾತು, ಅವಳಿಗೆ ಕೇಳಿಸಿದ್ದು ವ್ಯವಹಾರದ ಮಾತು. ಮರುವಾರ ಅವಳ ಎರಡೆಳೆಯ ಗುಂಡಿನ ಸರ ಸೊರಬದ ಚಿನ್ನದಂಗಡಿಯ ತಕ್ಕಡಿಯ ಮೇಲಿತ್ತು. ತೂಕ 60 ಗ್ರಾಂ. ಗುಂಡುಗಳ ಒಳಗಿನ ಅರಗನ್ನು ಕರಗಿಸಿ ಕಳೆದಾಗ ಉಳಿದದ್ದು 57. ಇಪ್ಪತ್ತೆರಡು ಕ್ಯಾರೆಟ್ ಆದ್ದರಿಂದ ಅದರೊಳಗಿನ ಅಪ್ಪಟ ಚಿನ್ನ 52 ಗ್ರಾಂ. ಅಂದಿನ ದರದಲ್ಲಿ ಕೈಗೆ ಬಂದದ್ದು ಎರಡೂವರೆ ಲಕ್ಷ ರೂಪಾಯಿ. ಅಳಿಯ ಅದನ್ನು ಮೊಬೈಲಿನ ಮೂಲಕ ಬಿಟ್‌ಕಾಯಿನ್ ಮಾಡಿದ. ಆ ವಾರ ಒಂದು ಬಿಟ್‌ಕಾಯಿನ್‌ಗೆ 69,000 ಡಾಲರ್‌ನ ಹತ್ತಿರ, ನಮ್ಮ ಹಣದಲ್ಲಿ ಐವತ್ತು ಲಕ್ಷದ ಆಸುಪಾಸು. ಅವನಿಗೆ ಸಿಕ್ಕಿದ್ದು ಒಂದು ನಾಣ್ಯದ ನೂರರಲ್ಲಿ ಐದು ಪಾಲು, 0.05.

ಒಂದು ವರ್ಷ ಕಳೆಯಿತು. 2022ರ ನವೆಂಬರ್‌ನಲ್ಲಿ ಭಾವನಿಗೆ ಎದೆನೋವು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ಆಗಲೇಬೇಕೆಂದಾಯಿತು. ಮೂರು ಲಕ್ಷ ಹೊಂದಿಸಬೇಕಿತ್ತು. ಅಡಿಕೆ ಇನ್ನೂ ಕೊಯ್ಲಾಗಿರಲಿಲ್ಲ. ಅದೇ ತಿಂಗಳ 11ರಂದು ಬಹಾಮಾಸ್ ದ್ವೀಪದಲ್ಲಿದ್ದ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಸಂಸ್ಥೆ ದಿವಾಳಿಯಾಗಿ, ಬಿಟ್‌ಕಾಯಿನ್ 16,000 ಡಾಲರ್‌ನ ಸುತ್ತ ಬಂದು ನಿಂತಿತ್ತು. ಎಲ್ಲಿಯ ಬಹಾಮಾಸ್, ಎಲ್ಲಿಯ ಕುಪ್ಪಗಡ್ಡೆ! ಅಳಿಯ ಮಾರಿದಾಗ ನಾಣ್ಯಕ್ಕೆ ಹದಿಮೂರೂವರೆ ಲಕ್ಷ, ಅವನ ಪಾಲಿಗೆ 67,500 ರೂಪಾಯಿ. ಅದರಲ್ಲೂ ಆ ವರ್ಷದ ಜುಲೈನಿಂದ ಜಾರಿಗೆ ಬಂದಿದ್ದ ನಿಯಮದಂತೆ ನೂರಕ್ಕೆ ಒಂದರಂತೆ ತೆರಿಗೆ ಮುರಿದುಕೊಂಡರು. ಲಾಭವಾದರೆ ನೂರಕ್ಕೆ ಮೂವತ್ತು ತೆರಿಗೆ ಕಟ್ಟಬೇಕು, ನಷ್ಟವಾದರೆ ಅದನ್ನು ಬೇರೆ ಯಾವ ವರಮಾನದಲ್ಲೂ ಕಳೆಯುವಂತಿಲ್ಲವೆಂಬುದು ನಮ್ಮ ದೇಶದ ಕಾನೂನು.

ತಂಗಿ ಯಾರನ್ನೂ ಏನೂ ಅನ್ನಲಿಲ್ಲ. ಕೈಯಲ್ಲಿದ್ದ ನಾಲ್ಕು ಬಳೆಗಳನ್ನು ಬಿಚ್ಚಿ, "ಅಣ್ಣ, ಸೊಸೈಟಿಗೆ ಹೋಗಿ ಬರುವಾ" ಎಂದಳು. 1986ರಲ್ಲಿ ಅವಳ ಮದುವೆಗೆ ನಾನೇ ಮಾಡಿಸಿಕೊಟ್ಟಿದ್ದ ಬಳೆಗಳವು, ಒಟ್ಟು 40 ಗ್ರಾಂ. ಸರಾಫರು ಒರೆಗಲ್ಲಿಗೆ ತಿಕ್ಕಿ, ತೂಗಿ, ಒಂದು ಲಕ್ಷ ತೊಂಬತ್ತು ಸಾವಿರವೆಂದು ಬೆಲೆ ಕಟ್ಟಿದರು. ಅದರ ಮುಕ್ಕಾಲು ಭಾಗದ ಮಿತಿಯೊಳಗೆ ಒಂದು ಲಕ್ಷ ನಲವತ್ತು ಸಾವಿರ ಸಾಲ ಸಿಕ್ಕಿತು. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆವು. ಉಳಿದದ್ದನ್ನು ನಾನು ಕೊಟ್ಟೆ. ಭಾವ ಗುಣವಾಗಿ ಬಂದರು. ಬೇಸಗೆಯಲ್ಲಿ ಅಡಿಕೆ ಮಾರಿ ಬಳೆ ಬಿಡಿಸಿಕೊಂಡರು.

ಅಂದಿನಿಂದ ಈ ವಿಷಯವನ್ನು ನಾನು ಬಿಟ್ಟಿಲ್ಲ. ಲೆಕ್ಕ ಸರಿಯಿದ್ದೂ ಉತ್ತರ ತಪ್ಪಿದ್ದೆಲ್ಲಿ?

ಮೊದಲಿಗೆ ಆ ಮಿತಿಯ ಮಾತು. ಬಿಟ್‌ಕಾಯಿನ್‌ನ ಮಿತಿ ಚಿನ್ನದ ಮಿತಿಗಿಂತ ಬಿಗಿಯಾದದ್ದೆಂಬುದನ್ನು ನಾನು ಈಗಲೂ ಒಪ್ಪುತ್ತೇನೆ. ಮನುಷ್ಯರು ಇದುವರೆಗೆ ಭೂಮಿಯಿಂದ ಎತ್ತಿರುವ ಚಿನ್ನ ಸುಮಾರು ಎರಡು ಲಕ್ಷ ಟನ್ನಿಗಿಂತ ಸ್ವಲ್ಪ ಹೆಚ್ಚು. ಪ್ರತಿವರ್ಷ ಮೂರೂವರೆ ಸಾವಿರ ಟನ್ನಿನಷ್ಟು ಹೊಸದಾಗಿ ಸೇರುತ್ತದೆ, ಎಂದರೆ ನೂರಕ್ಕೆ ಒಂದೂಮುಕ್ಕಾಲರ ಹತ್ತಿರ. ಬಿಟ್‌ಕಾಯಿನ್ ಈಗ ವರ್ಷಕ್ಕೆ ನೂರಕ್ಕೆ ಒಂದೂ ಹೆಚ್ಚುವುದಿಲ್ಲ. ಬೆಲೆ ಏರಿದರೆ ಚಿನ್ನದ ಗಣಿಗಾರ ಇನ್ನಷ್ಟು ಆಳಕ್ಕೆ ಇಳಿದಾನು. ನಮ್ಮ ಕೋಲಾರದ ಗಣಿಯನ್ನೇ ನೋಡಿ. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಅದಿರಿನಲ್ಲಿ ಚಿನ್ನ ತೆಳುವಾಗಿ ಖರ್ಚು ಗಿಟ್ಟದೆ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನದ ಬೆಲೆ ಏರಿದಂತೆಲ್ಲ ಅಲ್ಲಿನ ಸೈನೈಡ್ ದಿಬ್ಬಗಳಲ್ಲಿ ಉಳಿದಿರುವುದನ್ನು ತೆಗೆಯುವ ಮಾತು ಮತ್ತೆ ಮತ್ತೆ ಏಳುತ್ತದೆ. ಬಿಟ್‌ಕಾಯಿನ್‌ನಲ್ಲಿ ಇದು ಸಾಧ್ಯವಿಲ್ಲ. ಯಂತ್ರಗಳು ಹೆಚ್ಚಾದರೆ, 2,016 ಪುಟಗಳಿಗೊಮ್ಮೆ, ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕವೇ ಕಠಿಣವಾಗುತ್ತದೆ. ಎಷ್ಟು ಜನ ಅಗೆದರೂ ಹತ್ತು ನಿಮಿಷಕ್ಕೆ ಒಂದೇ ಪುಟ.

ಆದರೆ ಮಿತಿ ಎಂಬುದು ಬೆಲೆಯ ಒಂದು ಕಾಲು ಮಾತ್ರ, ಇನ್ನೊಂದು ಕಾಲು ಬೇಡಿಕೆ. ಮಲೆನಾಡಿನವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ವೆನಿಲಾ ನೆನಪಿದೆಯಲ್ಲ? ಹಸಿ ಕೋಡು ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಹೋದಾಗ ತೋಟಕ್ಕೆ ರಾತ್ರಿ ಕಾವಲು ಹಾಕಿದವರು, ಕೆಲವೇ ವರ್ಷಗಳಲ್ಲಿ ಕೊಯ್ಯುವ ಕೂಲಿಯೂ ಹುಟ್ಟದೆ ಬಳ್ಳಿ ಕಿತ್ತೆಸೆದರು. "ವೆನಿಲಾವನ್ನು ಯಾರು ಬೇಕಾದರೂ ನೆಡಬಹುದಿತ್ತು ಮಾವ, ಬಿಟ್‌ಕಾಯಿನ್ ಹಾಗಲ್ಲ" ಎಂದು ಅಳಿಯ ವಾದಿಸಿದ. ನಿಜ. ಆದರೆ ಬಿಟ್‌ಕಾಯಿನ್‌ನಂತಹ ಇನ್ನೊಂದನ್ನು ಯಾರು ಬೇಕಾದರೂ ನೆಡಬಹುದು. ಅಂತಹ ಸಾವಿರಾರು ನಾಣ್ಯಗಳು ಹುಟ್ಟಿ ಸತ್ತಿವೆ. ಬಿಟ್‌ಕಾಯಿನ್ ಅವುಗಳ ನಡುವೆ ಹಿರಿಯಣ್ಣನಾಗಿ ಉಳಿದಿರುವುದಕ್ಕೆ ಕಾರಣ ಗಣಿತವಲ್ಲ, ಜನರ ನಂಬಿಕೆ. ಆ ನಂಬಿಕೆಗೆ ಯಾವ ಶ್ರೇಢಿಯೂ ಇಲ್ಲ.

ಹಾಗಾಗಿ ಏರಿಳಿತದ ಕಡೆಗೆ ಬರೋಣ. ಬಿಟ್‌ಕಾಯಿನ್ 2013ರ ಕೊನೆಗೆ ಸಾವಿರ ಡಾಲರ್ ದಾಟಿ, 2015ರ ಆರಂಭಕ್ಕೆ ಇನ್ನೂರರ ಹತ್ತಿರ ಇಳಿಯಿತು. 2017ರ ಡಿಸೆಂಬರ್‌ನಲ್ಲಿ 19,000 ದಾಟಿದ್ದು ಒಂದು ವರ್ಷದಲ್ಲಿ 3,200ರ ಸುತ್ತ ಬಂತು. 2021ರಿಂದ 22ರದ್ದನ್ನು ಮೇಲೆ ಹೇಳಿದೆ. ಮೂರು ಬಾರಿಯೂ ನೂರರಲ್ಲಿ ಎಂಬತ್ತರ ಹತ್ತಿರದ ಕುಸಿತ. ಇಲ್ಲಿ ಶೇಕಡಾ ಲೆಕ್ಕದ ಒಂದು ಮೋಸವಿದೆ, ಎಸ್‌ಎಸ್‌ಎಲ್‌ಸಿಯಲ್ಲೂ ಹಲವರು ಎಡವುತ್ತಿದ್ದುದು. ನೂರು ರೂಪಾಯಿ ಶೇಕಡಾ 80 ಇಳಿದರೆ ಇಪ್ಪತ್ತಾಗುತ್ತದೆ. ಅದು ಮತ್ತೆ ಶೇಕಡಾ 80 ಏರಿದರೆ ಮೂವತ್ತಾರಾಗುತ್ತದೆ, ಅಷ್ಟೆ. ಹಳೆಯ ಜಾಗಕ್ಕೆ ಬರಲು ಅದು ಐದು ಪಟ್ಟಾಗಬೇಕು. ಆಶ್ಚರ್ಯವೆಂದರೆ ಪ್ರತಿ ಬಾರಿಯೂ ಅದು ಆಗಿದೆ. ಆದರೆ ಆಗುವವರೆಗೆ ಕಾಯಲು ಮನೆಯಲ್ಲಿ ಯಾರೂ ಕಾಯಿಲೆ ಬೀಳಬಾರದು.

ಚಿನ್ನ ಇಳಿಯುವುದೇ ಇಲ್ಲವೆಂದು ಹೇಳುವವರ ಮಾತನ್ನೂ ನಂಬಬೇಡಿ. 2012ರಲ್ಲಿ ನನ್ನ ಮಗಳ ಮದುವೆಗೆ ಹತ್ತು ಗ್ರಾಂಗೆ ಮೂವತ್ತೊಂದು ಸಾವಿರದಂತೆ ಕೊಂಡೆ. 2015ರಲ್ಲಿ ಅದು ಇಪ್ಪತ್ತೈದು ಸಾವಿರಕ್ಕೆ ಬಂತು, 2018ರಲ್ಲಿ ಮತ್ತೆ ಮೂವತ್ತೊಂದು. ಆರು ವರ್ಷ ನಿಂತ ನೀರು. ಮಜೂರಿ ಮತ್ತು ತೇಮಾನಿನ ಹೆಸರಿನಲ್ಲಿ ಕೊಟ್ಟದ್ದು ಹೋದದ್ದೇ. ಅಮೆರಿಕದವನಿಗಂತೂ ಇದಕ್ಕಿಂತ ಕಷ್ಟವಾಗಿತ್ತು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಚಿನ್ನ ಮತ್ತೆ ಆ ಬೆಲೆ ಕಂಡದ್ದು 2008ರಲ್ಲಿ. ಆ ಇಪ್ಪತ್ತೆಂಟು ವರ್ಷಗಳಲ್ಲಿ ನಮ್ಮಲ್ಲಿ ಚಿನ್ನದ ಬೆಲೆ ಹಲವು ಪಟ್ಟಾಯಿತಲ್ಲ ಎಂದು ನೀವು ಕೇಳಬಹುದು. ಆಯಿತು, ಏಕೆಂದರೆ ಡಾಲರಿಗೆ ಎಂಟು ರೂಪಾಯಿಯಿದ್ದದ್ದು ನಲವತ್ತರ ಹತ್ತಿರವಾಗಿತ್ತು. ಏರಿದ್ದು ಚಿನ್ನವಲ್ಲ, ಇಳಿದದ್ದು ನಮ್ಮ ರೂಪಾಯಿ. ನಮ್ಮ ಹೆಣ್ಣುಮಕ್ಕಳಿಗೆ ಈ ವಿವರ ಗೊತ್ತಿರಲಿಲ್ಲ, ಫಲ ಮಾತ್ರ ಗೊತ್ತಿತ್ತು.

ತಂಗಿಯ ಬಳೆಗಳ ಲೆಕ್ಕವನ್ನೂ ಮಾಡಿದೆ. 1986ರಲ್ಲಿ ಅವುಗಳ ಚಿನ್ನಕ್ಕೆ ನಾನು ಕೊಟ್ಟದ್ದು ಸುಮಾರು ಎಂಟು ಸಾವಿರ ರೂಪಾಯಿ. ಮೂವತ್ತಾರು ವರ್ಷಗಳಲ್ಲಿ ಅದು ಇಪ್ಪತ್ತಮೂರು ಪಟ್ಟಾಗಿದೆ. ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾದಂತೆ, ಎಂದರೆ ವರ್ಷಕ್ಕೆ ನೂರಕ್ಕೆ ಒಂಬತ್ತರ ಬಡ್ಡಿ. ಇದರಲ್ಲಿ ದೊಡ್ಡ ಚಮತ್ಕಾರವೇನಿಲ್ಲ. ಅಂಚೆ ಕಚೇರಿಯ ಉಳಿತಾಯ ಪತ್ರಗಳು ಆ ಕಾಲದಲ್ಲಿ ಇದಕ್ಕಿಂತ ಹೆಚ್ಚನ್ನೂ ಕೊಟ್ಟದ್ದುಂಟು. (ಅಂದು ನನ್ನ ಸಂಬಳದಲ್ಲಿ ಎರಡನ್ನೂ ಮಾಡುವ ಶಕ್ತಿಯಿರಲಿಲ್ಲ ಎಂಬುದು ಬೇರೆ ಮಾತು.) ಅದೇ ಬಿಟ್‌ಕಾಯಿನ್ 2015ರ ಆರಂಭದಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದದ್ದು 2025ರ ಅಕ್ಟೋಬರ್‌ನಲ್ಲಿ ಒಂದು ಕೋಟಿ ದಾಟಿತು. ಐನೂರು ಪಟ್ಟು! ಚಿನ್ನ ಅದೇ ಅವಧಿಯಲ್ಲಿ ಐದು ಪಟ್ಟೂ ಆಗಲಿಲ್ಲ. ಇದನ್ನು ಮುಚ್ಚಿಡುವುದು ಅನ್ಯಾಯ. ಅಂದು ಕೊಂಡು ಸುಮ್ಮನೆ ಕುಳಿತವನಿಗೆ ನನ್ನ ಈ ಲೇಖನ ಓದಿ ನಗು ಬಂದರೆ ತಪ್ಪಿಲ್ಲ.

ಆದರೆ ಅಳಿಯ 2015ರಲ್ಲಿ ಕೊಳ್ಳಲಿಲ್ಲ. ಹೆಚ್ಚಿನವರು ಕೊಳ್ಳುವುದು ಎಲ್ಲರ ಬಾಯಲ್ಲೂ ಆ ಹೆಸರು ಬಂದ ಮೇಲೆ. ಅವನು ಅಂದು ಮಾರದೆ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂದು ನೋಡಿದೆ. 2024ರ ಡಿಸೆಂಬರ್ 5ರಂದು ಬಿಟ್‌ಕಾಯಿನ್ ಮೊದಲ ಬಾರಿಗೆ ಲಕ್ಷ ಡಾಲರ್ ದಾಟಿದ ದಿನ, ಅವನ 0.05 ನಾಣ್ಯಕ್ಕೆ ನಾಲ್ಕೂಕಾಲು ಲಕ್ಷ ರೂಪಾಯಿ ಬರುತ್ತಿತ್ತು. ಸರದಲ್ಲಿದ್ದ 52 ಗ್ರಾಂ ಚಿನ್ನಕ್ಕೆ ಅದೇ ದಿನ ನಾಲ್ಕು ಲಕ್ಷ. ಮೂರು ವರ್ಷದಲ್ಲಿ ಒಂದು ಪಾತಾಳಕ್ಕೆ ಹೋಗಿ ಬಂದಿತ್ತು, ಇನ್ನೊಂದು ಬೀರುವಿನಲ್ಲೇ ಕುಳಿತಿತ್ತು, ಇಬ್ಬರೂ ತಲುಪಿದ್ದು ಹೆಚ್ಚುಕಡಿಮೆ ಒಂದೇ ಊರಿಗೆ. ಬಿಟ್‌ಕಾಯಿನ್‌ನ ಲಾಭಕ್ಕೆ ಶೇಕಡಾ ಮೂವತ್ತರ ತೆರಿಗೆ ಕಳೆದರೆ ಚಿನ್ನವೇ ಒಂದು ಹೆಜ್ಜೆ ಮುಂದೆ. ಆದ್ದರಿಂದ ಅಳಿಯನ ನಷ್ಟಕ್ಕೆ ಕಾರಣ ಬಿಟ್‌ಕಾಯಿನ್ ಕೆಟ್ಟದ್ದೆಂಬುದಲ್ಲ. ಕೊಂಡ ದಿನ ಅವನು ಆರಿಸಿದ್ದು, ಮಾರುವ ದಿನವನ್ನು ಭಾವನ ಹೃದಯ ಆರಿಸಿತು. ಕೂಡಿಟ್ಟದ್ದರ ಬೆಲೆ ತಿಳಿಯುವುದು ನಾವು ಆರಿಸದ ಆ ದಿನದಲ್ಲಿ. ಸರ ಮನೆಯಲ್ಲಿದ್ದಿದ್ದರೆ ಅದನ್ನು ಮಾರುವ ಅಗತ್ಯವೂ ಬೀಳುತ್ತಿರಲಿಲ್ಲ, ಬಳೆಯಂತೆ ಅಡವಿಟ್ಟು ಬಿಡಿಸಿಕೊಳ್ಳಬಹುದಿತ್ತು. ನಾಲ್ಕು ತಿಂಗಳಲ್ಲಿ ಅರ್ಧಕ್ಕಿಳಿಯಬಲ್ಲ ವಸ್ತುವನ್ನು ಅಡವಿಟ್ಟುಕೊಂಡು ಮುಕ್ಕಾಲು ಬೆಲೆಯ ಸಾಲ ಕೊಡುವ ಸೊಸೈಟಿ ಎಲ್ಲಿದ್ದೀತು?

ಕೊನೆಗೆ ಪೂರ್ವಚರಿತ್ರೆಯ ಮಾತು. ಬಿಟ್‌ಕಾಯಿನ್‌ಗೆ ಹದಿನಾರು ವರ್ಷ ತುಂಬಿದೆ. ಚಿನ್ನದ್ದು ಎಷ್ಟು ಎಂದು ಕೇಳಿದರೆ ನಮ್ಮ ಸೀಮೆಯ ಶಿಲಾಶಾಸನಗಳೇ ಗದ್ಯಾಣಗಳಲ್ಲಿ ಮಾತನಾಡುತ್ತವೆ. ಅಷ್ಟು ಹಿಂದಕ್ಕೆ ಹೋಗುವುದು ಬೇಡ, ಪಕ್ಕದ ಸಾಗರ ಸೀಮೆಯ ಇಕ್ಕೇರಿಯ ವರಹವನ್ನು ನೋಡಿ. ಮೂರೂವರೆ ಗ್ರಾಂಗೆ ತುಸು ಕಡಿಮೆ ತೂಕದ ಪುಟ್ಟ ಚಿನ್ನದ ನಾಣ್ಯ, ಒಂದು ಮುಖದಲ್ಲಿ ಕುಳಿತ ಶಿವ ಪಾರ್ವತಿಯರು. ಕೆಳದಿಯ ನಾಯಕರು ಅದನ್ನು ಟಂಕಿಸಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ರಾಜ್ಯ ಬದಲಾಯಿತು, ಖಜಾನೆ ಬದಲಾಯಿತು, ನಾಣ್ಯದ ಶಿವ ಪಾರ್ವತಿಯರು ಬದಲಾಗಲಿಲ್ಲ. ಹೈದರ್ ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ದಂಪತಿಗಳು. ಸಂತೆಯಲ್ಲಿ ಜನ ಆ ಮುಖವನ್ನು ನಂಬಿದ್ದರು, ಗೆದ್ದವನಿಗೂ ಆ ನಂಬಿಕೆ ಬೇಕಾಗಿತ್ತು. ಮೂರು ಪ್ರಭುತ್ವಗಳ ಅಡಿಯಲ್ಲಿ ನಡೆದ ಆ ನಾಣ್ಯವನ್ನು ಇಂದು ಕರಗಿಸಿದರೂ ಅದರೊಳಗಿನ ಚಿನ್ನಕ್ಕೆ ಸೊರಬದಲ್ಲಿ ಇಂದಿನ ಬೆಲೆಯೇ ಸಿಕ್ಕೀತು.

ಸರ್ಕಾರದ ಕೈ ಚಿನ್ನಕ್ಕೂ ತಗಲಿದೆ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಗಳಾಗಿದ್ದಾಗ 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡಬಾರದೆಂಬ ನಿಯಮ ಬಂದು, ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಕುಲುಮೆ ಆರಿತು. ಚಿನ್ನದ ನಿಯಂತ್ರಣ ಕಾಯಿದೆ ಪೂರ್ತಿ ರದ್ದಾದದ್ದು 1990ರಲ್ಲಿ. ಬಿಟ್‌ಕಾಯಿನ್‌ಗೂ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳ ಬಾಗಿಲು ಮುಚ್ಚಿಸಿತ್ತು, 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆರೆಸಿತು. ಅದೂ ಬದುಕಿಕೊಂಡಿತೆನ್ನಿ. ಚಿನ್ನ ಇಂತಹ ದಿನಗಳನ್ನು ಶತಮಾನಗಳ ಕಾಲ ಕಂಡಿದೆ, ಬಿಟ್‌ಕಾಯಿನ್ ಕೆಲವನ್ನು ಕಂಡಿದೆ. ವ್ಯತ್ಯಾಸ ಅಷ್ಟೆ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಕೇಳಿದ ಶಿಷ್ಯನಿಗೆ ನಾನು ಹೇಳುವುದಿಷ್ಟು. ಮಗಳ ಓದಿಗೋ ಮದುವೆಗೋ ಆಪತ್ತಿಗೋ ಬೇಕಾಗುವ ಹಣವನ್ನು ಬಿಟ್‌ಕಾಯಿನ್‌ನಲ್ಲಿ ಇಡಬೇಡ. ಹತ್ತು ವರ್ಷ ತಿರುಗಿ ನೋಡದಿದ್ದರೂ, ಪೂರ್ತಿ ಹೋದರೂ ಮನೆಯ ಅನ್ನಕ್ಕೆ ಕೊರತೆಯಾಗದಷ್ಟು ಹಣವಿದ್ದರೆ ಅದು ನಿನ್ನಿಷ್ಟ. ಕೊಂಡರೆ ಅದರ ಗುಪ್ತಪದಗಳನ್ನು ಕಾಗದದಲ್ಲಿ ಬರೆದು ಮನೆಯಾಕೆಗೂ ತಿಳಿಸಿಡು. ಆ ಪದಗಳು ಕಳೆದರೆ ಬೀಗ ಒಡೆದುಕೊಡುವ ಆಚಾರಿ ಯಾವ ಊರಿನಲ್ಲೂ ಇಲ್ಲ. ಚಿನ್ನ ಕೊಂಡರೆ ಒಡವೆಯ ಬದಲು ಹಾಲ್‌ಮಾರ್ಕ್ ಇರುವ ನಾಣ್ಯ ಕೊಳ್ಳು, ಮಜೂರಿ ಉಳಿಯುತ್ತದೆ. ಮತ್ತು ಇಂದಿನ ಏರಿದ ಬೆಲೆಯಲ್ಲಿ ಒಮ್ಮೆಗೇ ಕೊಳ್ಳಬೇಡ, ನನ್ನ 2012 ನಿನಗೂ ಬಂದೀತು.

ಈ ದೀಪಾವಳಿಗೆ ಅಳಿಯ ಅಮ್ಮನಿಗೆಂದು ಒಂದೆಳೆಯ ತೆಳುವಾದ ಸರ ತಂದಿದ್ದ. ಹನ್ನೆರಡು ಗ್ರಾಂ. ಹಳೆಯ ಸರಕ್ಕೆ ಅಂದು ಬಂದಿದ್ದ ಹಣದ ಮುಕ್ಕಾಲು ಭಾಗ ಈ ಹನ್ನೆರಡು ಗ್ರಾಂಗೆ, ಮಜೂರಿ ಸೇರಿದರೆ, ಹತ್ತಿರ ಹತ್ತಿರ ಆಗಿದೆ. ತಂಗಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಅಣ್ಣ, ಇದರ ಲೆಕ್ಕ ಸರಿಯಿದೆಯಾ?" ಎಂದು ನನ್ನತ್ತ ತಿರುಗಿ ನಕ್ಕಳು. ನಾನು ಅಂಗಡಿಯ ಚೀಟಿಯನ್ನು ಎರಡು ಸಲ ಕೂಡಿ ನೋಡಿದೆ.